ಪದಚರ್ಚೆ: ‘ಕೇಳುವ ಬೆಲೆ’ಯೋ, ‘ಹೇಳುವ ಬೆಲೆ’ಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಬನಶಂಕರಿಯಲ್ಲಿರುವ ನಮ್ಮ ಅಕ್ಕನ ಫ್ಲ್ಯಾಟನ್ನು ಮಾರುವ ಮಾತು ನಡೆದಿದೆ. ಸುತ್ತಮುತ್ತ ಈಚೆಗೆ ಮಾರಾಟವಾದ ಫ್ಲ್ಯಾಟುಗಳನ್ನು ನೋಡಿ ಬೆಲೆ ಗೊತ್ತುಮಾಡುವ ಬಗೆಯನ್ನು ಮನೆಯವರೆಲ್ಲ ಓದುವಂತೆ ಒಂದು ಪುಟದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ. ಮಾರುವವರು ಮೊದಲು ಹೊರಗೆ ಹಾಕುವ ಬೆಲೆಯನ್ನು ‘ಕೇಳುವ ಬೆಲೆ’ ಎಂದು ಬರೆದೆ. ಅಕ್ಕ ಅದನ್ನು ಕೊಳ್ಳಲು ಬಂದವರು ಕೇಳುವ ಬೆಲೆಯೆಂದು ಓದಿದಳು. ಮಹಡಿ, ಕಟ್ಟಡದ ವಯಸ್ಸು, ಮನೆಯ ಸ್ಥಿತಿ ಇವುಗಳಿಗಾಗಿ ಬೆಲೆಯಲ್ಲಿ ಮಾಡುವ ಹೆಚ್ಚುಕಡಿಮೆಯನ್ನು ‘ಹೊಂದಾಣಿಕೆ’ ಎಂದೆ, ಭಾವನವರು, “ಗಿರಾಕಿ ಬರುವ ಮೊದಲೇ ಹೊಂದಾಣಿಕೆಗೆ ಯಾಕೆ ಇಳಿಯಬೇಕು?” ಎಂದರು. ಸರಿಯಾದ ಪದಗಳನ್ನು ತಿಳಿಸಬೇಕೆಂದು ಕೋರುತ್ತೇನೆ.

— ಸು., ಬೆಂಗಳೂರು

ನಿಮ್ಮ ಅಕ್ಕನವರು ಓದಿದ್ದು ತಪ್ಪಲ್ಲ. ‘ಕೇಳು’ ಎಂಬ ಕ್ರಿಯಾಪದವನ್ನು ಕನ್ನಡದ ವ್ಯಾಪಾರದಲ್ಲಿ ಇಬ್ಬರೂ ಬಳಸುತ್ತಾರೆ, ವಿಭಕ್ತಿ ಮಾತ್ರ ಬೇರೆ. “ಎತ್ತಿಗೆ ಐವತ್ತು ಸಾವಿರ ಕೇಳಿದ” ಎಂದರೆ ಕೇಳಿದವನು ಮಾರುವವನು. “ಎತ್ತನ್ನು ಐವತ್ತು ಸಾವಿರಕ್ಕೆ ಕೇಳಿದ” ಎಂದರೆ ಕೊಳ್ಳುವವನು. ‘ಕೇಳುವ ಬೆಲೆ’ ಎಂದು ಸಮಾಸದಂತೆ ಕಟ್ಟಿದಾಗ ಆ ‘-ಕ್ಕೆ’ ಕಾಣೆಯಾಗಿ ಗೊಂದಲ ಹುಟ್ಟುತ್ತದೆ. ಮಾರುವವನದು ‘ಹೇಳುವ ಬೆಲೆ’ ಎಂದರೆ ಯಾರಿಗೂ ಅನುಮಾನ ಬಾರದು. ದಲ್ಲಾಳಿಗಳೂ “ಓನರ್ ಎಂಬತ್ತು ಹೇಳುತ್ತಿದ್ದಾರೆ” ಎಂದೇ ಅಲ್ಲವೇ ಅನ್ನುವುದು?

— ವಿ. ಜಿ., ಧಾರವಾಡ

ಮಾನ್ಯರೇ, ಬೆಲೆಯನ್ನು ನೀವು ಗೊತ್ತುಮಾಡುವ ಅಗತ್ಯವೇ ಇಲ್ಲ, ಅದಕ್ಕೆ ‘ಮಾರ್ಗಸೂಚಿ ದರ’ ಎಂಬ ಪದವೂ ಇದೆ, ಪಟ್ಟಿಯೂ ಇದೆ. ಉಡುಪಿಯಲ್ಲಿ ನನ್ನ ತಂದೆಯವರ ಜಾಗವನ್ನು ನೋಂದಾಯಿಸುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ದರದ ಮೇಲೆಯೇ ಮುದ್ರಾಂಕ ಶುಲ್ಕ ಕಟ್ಟಿಸಿಕೊಂಡರು. ಅದನ್ನೇ ಬರೆದರೆ ಸಾಕು.

— ಕೆ. ಬಿ., ಉಡುಪಿ

ಎರಡನೆಯ ಪದಕ್ಕೆ ‘ಸವಕಳಿ’ ಸಾಕೆಂದು ನನ್ನ ಅಭಿಪ್ರಾಯ. ಕಾಂಕ್ರೀಟ್ ಕಟ್ಟಡಕ್ಕೆ 60 ವರ್ಷ ಆಯಸ್ಸು ಹಿಡಿದು, ಕಳೆದ ವರ್ಷಗಳಷ್ಟು ಪಾಲನ್ನು ಬೆಲೆಯಲ್ಲಿ ಕಳೆಯುವುದು ರೂಢಿ. ಫ್ಲ್ಯಾಟಿಗೆ 18 ವರ್ಷವಾಗಿದ್ದರೆ ಹೊಸ ಫ್ಲ್ಯಾಟಿನ ಬೆಲೆಯಲ್ಲಿ ನೂರಕ್ಕೆ 30 ಕಳೆದರೆ ಮುಗಿಯಿತು.

— ಆರ್. ಎನ್., ತುಮಕೂರು

ಬ್ಯಾಂಕುಗಳಿಗೆ ಆಸ್ತಿ ಮೌಲ್ಯಮಾಪನ ಮಾಡಿಕೊಡುವ ಕೆಲಸದಲ್ಲಿ ಬಹಳ ಕಾಲ ಇದ್ದವನಾದ್ದರಿಂದ ನಾಲ್ಕು ಮಾತು ಬರೆಯುತ್ತೇನೆ.

ಮಾರ್ಗಸೂಚಿ ದರವು ಶುಲ್ಕದ ಲೆಕ್ಕಕ್ಕಾಗಿ ಸರ್ಕಾರ ಇಟ್ಟ ಕನಿಷ್ಠ ಮಟ್ಟ. ಫ್ಲ್ಯಾಟು ಎಷ್ಟಕ್ಕೆ ಹೋಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ನಮಗೆ ಬೇಕಾದದ್ದು ‘ಹೋದ ಬೆಲೆ’. ಜಾಹೀರಾತಿನಲ್ಲಿ ಕಾಣುವುದೆಲ್ಲ ಹೇಳುವ ಬೆಲೆಯಾದ್ದರಿಂದ ಅವುಗಳನ್ನು ಹೋಲಿಕೆಗೆ ತೆಗೆದುಕೊಳ್ಳಬಾರದು. ಕ್ರಯಪತ್ರದಲ್ಲಿರುವ ಮೊತ್ತ ಋಣಭಾರ ಪತ್ರದಲ್ಲಿಯೂ ಕಾಣಿಸುತ್ತದೆ, ಆದರೆ ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಪತ್ರದ ಮೊತ್ತವು ಮಾರ್ಗಸೂಚಿ ದರದ ಲೆಕ್ಕಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂಡಿಬಂದರೆ, ಉಳಿದ ಹಣ ಪತ್ರದ ಹೊರಗೆ ಕೈಬದಲಾಗಿರಬಹುದೆಂದು ಸಂಶಯಪಡುವುದು ಮೇಲು. ಕೊಂಡವರು ಬ್ಯಾಂಕ್ ಸಾಲದ ಮೇಲೆ ಕೊಂಡಿದ್ದರೆ ಮೊತ್ತ ನಿಜಕ್ಕೆ ಹತ್ತಿರವಿರುವುದೇ ಹೆಚ್ಚು, ಏಕೆಂದರೆ ಪತ್ರದಲ್ಲಿ ಕಡಿಮೆ ತೋರಿಸಿದರೆ ಸಾಲವೂ ಕಡಿಮೆಯಾಗುತ್ತದೆ.

ಇನ್ನು ಎರಡನೆಯ ಪದ. ಇಲ್ಲಿ ನಡೆಯುವ ಕ್ರಿಯೆ ತಕ್ಕಡಿಯದು, ಆದ್ದರಿಂದ ‘ಸರಿದೂಗಿಸುವುದು’ ಎನ್ನಿ. ನಮ್ಮ ಫ್ಲ್ಯಾಟನ್ನು ಮುಟ್ಟದೆ, ಮಾರಾಟವಾದ ಫ್ಲ್ಯಾಟಿನ ಬೆಲೆಯನ್ನು ತಿದ್ದಿ, ಅದು ನಮ್ಮದರಂತೆಯೇ ಇದ್ದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು ಎಂದು ಕೇಳಿಕೊಳ್ಳುತ್ತೇವೆ. ಅದರಲ್ಲಿ ನಮ್ಮದಕ್ಕಿಂತ ಹೆಚ್ಚಿನದೇನಿದೆಯೋ ಅದನ್ನು ಕಳೆಯಬೇಕು, ಕೊರತೆಯನ್ನು ಕೂಡಿಸಬೇಕು. ಹೊಸಬರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ.

ನಿಮ್ಮ ಅಕ್ಕನವರದು 18 ವರ್ಷದ, ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯ 1,150 ಚದರಡಿಯ ಮನೆಯೆಂದು ಇಟ್ಟುಕೊಳ್ಳೋಣ. ಅಂಕಿಗಳು ಬರೀ ಉದಾಹರಣೆಗೆ. ಅದೇ ಕಟ್ಟಡದ ಮೊದಲ ಮಹಡಿಯ ಅಷ್ಟೇ ಅಳತೆಯ ಮನೆ ನಾಲ್ಕು ತಿಂಗಳ ಹಿಂದೆ 78 ಲಕ್ಷಕ್ಕೆ ಹೋಗಿದೆ. ಲಿಫ್ಟ್ ಇಲ್ಲದ ಕಡೆ ಮೇಲೇರಿದಂತೆ ಬೆಲೆ ಇಳಿಯುವುದರಿಂದ ಒಂದೂವರೆ ಲಕ್ಷ ಕಳೆಯಿರಿ. ಲಿಫ್ಟ್ ಇರುವ ಎತ್ತರದ ಕಟ್ಟಡದಲ್ಲಾದರೆ ಗಾಳಿ ಬೆಳಕಿಗಾಗಿ ಮೇಲಿನ ಮಹಡಿಗೇ ಹೆಚ್ಚು ಕೊಡುವುದರಿಂದ ಲೆಕ್ಕ ತಿರುಗುತ್ತದೆ. ಆ ಮನೆಯವರು ಐದು ಲಕ್ಷ ಖರ್ಚುಮಾಡಿ ಅಡುಗೆಮನೆ ಹೊಸದು ಮಾಡಿಸಿದ್ದರು, ಆದರೆ ಬೇರೆಯವರ ರುಚಿಯ ಕಪಾಟಿಗೆ ಕೊಳ್ಳುವವರು ಪೂರ್ತಿ ಬೆಲೆ ಕೊಡುವುದಿಲ್ಲ; ಮೂರು ಲಕ್ಷ ಕಳೆದರೆ ಸಾಕು. ಉಳಿದದ್ದು ಎಪ್ಪತ್ತಮೂರೂವರೆ.

ಪಕ್ಕದ ರಸ್ತೆಯ 8 ವರ್ಷದ, ಲಿಫ್ಟ್ ಇರುವ ಕಟ್ಟಡದಲ್ಲಿ 1,200 ಚದರಡಿಯ ಮನೆ 96 ಲಕ್ಷಕ್ಕೆ ಹೋಗಿದೆ, ಅಂದರೆ ಚದರಡಿಗೆ 8,000. ನಮ್ಮ ಅಳತೆಗೆ 92 ಲಕ್ಷವಾಯಿತು. ತುಮಕೂರಿನ ಮಿತ್ರರ ಲೆಕ್ಕ ಅರ್ಧ ಸರಿಯಾಗುವುದು ಇಲ್ಲಿ. ಸವೆಯುವುದು ಕಟ್ಟಡ, ಫ್ಲ್ಯಾಟಿನ ಜೊತೆ ಬರುವ ಅವಿಭಾಜ್ಯ ಜಮೀನಿನ ಪಾಲು ಸವೆಯುವುದಿಲ್ಲ. ಬೆಲೆಯ ಅರ್ಧ ಜಮೀನಿನದೆಂದು ಹಿಡಿದರೆ ಕಟ್ಟಡದ ಪಾಲು 46 ಲಕ್ಷ, ಅದರ ಉಳಿದ ಆಯಸ್ಸು 52 ವರ್ಷ, ಹತ್ತು ವರ್ಷದ ಸವಕಳಿ ಸುಮಾರು 9 ಲಕ್ಷ. ಇಡೀ ಬೆಲೆಯ ಮೇಲೆ ಹಾಕಿದ್ದರೆ ಅದರ ಎರಡರಷ್ಟು ಹೋಗುತ್ತಿತ್ತು. ಲಿಫ್ಟಿಗೆ ಇನ್ನು ನಾಲ್ಕು ಲಕ್ಷ ಕಳೆದರೆ 79 ನಿಲ್ಲುತ್ತದೆ. ಮೊದಲನೆಯ ಮನೆಗೆ ಸವಕಳಿ ಹಾಕಲಿಲ್ಲ, ಏಕೆಂದರೆ ಎರಡೂ ಒಂದೇ ಕಟ್ಟಡದವು, ವಯಸ್ಸು ಆಗಲೇ ಆ ಬೆಲೆಯೊಳಗೆ ಕುಳಿತಿದೆ.

ಎರಡರ ಸರಾಸರಿ ತೆಗೆಯುವುದು ಸರಿಯಲ್ಲ. ಹೆಚ್ಚು ತಿದ್ದಬೇಕಾಗಿ ಬಂದ ಹೋಲಿಕೆಯ ಮೇಲೆ ಕಡಿಮೆ ಭಾರ ಹಾಕಬೇಕು. ನಾನಾದರೆ ಈ ಮನೆ 75ರ ಸುತ್ತ ಹೋಗುತ್ತದೆಂದು ಹಿಡಿದು, 77 ಹೇಳಲು ಸೂಚಿಸುತ್ತೇನೆ. 80 ಹೇಳಿದರೆ, ಹೊಸ ಅಡುಗೆಮನೆಯಿದ್ದ ಕೆಳಗಿನ ಮನೆಯೇ 78ಕ್ಕೆ ಹೋಯಿತಲ್ಲ ಎಂದು ಮೊದಲ ಗಿರಾಕಿಯೇ ಕೇಳುತ್ತಾನೆ. ಒಳಗೊಳಗೆ ಇಟ್ಟುಕೊಳ್ಳುವ ಕೊನೆಯ ಅಂಕಿಗೆ ‘ಬಿಡುವ ಬೆಲೆ’ ಎಂಬ ಮಾತಿದೆ. ಅದನ್ನು ನಿಮ್ಮ ಪುಟದಲ್ಲಿ ಬರೆಯಬೇಡಿ, ಪುಟಗಳು ದಲ್ಲಾಳಿಯ ಕೈಗೂ ಹೋಗುತ್ತವೆ.

— ಎಚ್. ಎಸ್., ಮೈಸೂರು

ಉಪಕಾರವಾಯಿತು ಸರ್. ‘ಹೇಳುವ ಬೆಲೆ’, ‘ಹೋದ ಬೆಲೆ’ ಎರಡನ್ನೂ ಅಕ್ಕ ಒಪ್ಪಿದಳು. ಮಾರಾಟವಾದ ಆ ಮನೆಗಳಿಗೆ ‘ಹೋಲಿಕೆ ಕ್ರಯ’ ಎಂದು ತಲೆಬರಹ ಕೊಡಬಹುದೇ?

— ಸು.

‘ಸರಿದೂಗಿಸುವುದು’ ಕ್ರಿಯೆಯಾಗಿ ಚೆಂದ, ಆದರೆ ಪಟ್ಟಿಯ ತಲೆಬರಹಕ್ಕೆ ‘ಸರಿದೂಗಿಸುವಿಕೆ’ ಎಂದು ಬರೆದರೆ ಓದುವವರು ಮುಗ್ಗರಿಸುತ್ತಾರೆ. ಆ ಕಾಲಮ್ಮಿಗೆ ‘ಕಳೆದದ್ದು’, ‘ಕೂಡಿಸಿದ್ದು’ ಎಂದು ಎರಡು ಮನೆ ಮಾಡುವುದೇ ಲೇಸು.

— ವಿ. ಜಿ., ಧಾರವಾಡ

ನಾನು ಪ್ರಶ್ನೆಯನ್ನು ಬೇರೆಯಾಗಿ ತಿಳಿದಿದ್ದೆ, ಕ್ಷಮಿಸಿ. ಆದರೆ ‘ಹೋಲಿಕೆ ಕ್ರಯ’ ನಮ್ಮ ಕಡೆಯವರಿಗೆ ತೊಡಕು. ಕರಾವಳಿಯಲ್ಲಿ ಮೀನಿನಿಂದ ಮನೆಯವರೆಗೆ “ಕ್ರಯ ಎಷ್ಟು?” ಎಂದೇ ಕೇಳುತ್ತೇವೆ, ಕ್ರಯವೆಂದರೆ ನಮಗೆ ಬೆಲೆಯೇ, ಮಾರಾಟವಲ್ಲ.

— ಕೆ. ಬಿ., ಉಡುಪಿ

ಕಚೇರಿಯಲ್ಲಿ ಕ್ರಯವೆಂದರೆ ಮಾರಾಟ, ನಿಮ್ಮ ಸಂತೆಯಲ್ಲಿ ಬೆಲೆ. ಎರಡೂ ಇರುವ ಅರ್ಥಗಳೇ. ನಾನು ವರದಿಗಳಲ್ಲಿ ‘ಹೋಲಿಕೆಯ ಮಾರಾಟ’ ಎಂದು ಬರೆಯುತ್ತಿದ್ದೆ, ಆದರೆ ಅದೂ ಮನಸ್ಸಿಗೆ ಪೂರ್ತಿ ಒಪ್ಪಿದ್ದಲ್ಲ. ಉತ್ತರ ಕರ್ನಾಟಕದ ಕಡೆ ಬೇರೆ ಮಾತಿದ್ದರೆ ಯಾರಾದರೂ ತಿಳಿಸಿ.

— ಎಚ್. ಎಸ್., ಮೈಸೂರು