ಅಪ್‌ಡೇಟ್: 21ನೇ ದಿನದ ಟೆಸ್ಟ್ ನನಗಲ್ಲ

ನಾನು ಕೇಳಿದ್ದು: "ನನಗೆ 31. ಒಂದು ವರ್ಷವಾದರೂ ಗರ್ಭ ನಿಂತಿಲ್ಲ. ತಪಾಸಣೆ ಶುರು ಮಾಡಬೇಕಾ, ಇನ್ನೂ ಕಾಯಬೇಕಾ?"

ಕಾಯಲಿಲ್ಲ. 35 ದಾಟಿದ್ದರೆ ಆರು ತಿಂಗಳಿಗೇ ಬರಬೇಕಿತ್ತಂತೆ. ಮೂರು ದಿನ ಸಂಪರ್ಕ ಬಿಟ್ಟು ಗಂಡನ ವೀರ್ಯ ಪರೀಕ್ಷೆ ಮಾಡಿಸಿದೆವು, ಸರಿಯಿತ್ತು.

ಎಡವಟ್ಟಾಗಿದ್ದು ನನ್ನದರಲ್ಲಿ. ಅಂಡ ಬಿಡುಗಡೆಯಾಗಿದೆಯಾ ಎಂದು ನೋಡಲು ಮುಟ್ಟಿನ 21ನೇ ದಿನ ಪ್ರೊಜೆಸ್ಟರಾನ್ ರಕ್ತಪರೀಕ್ಷೆ ಮಾಡಿಸಿದೆ. ಕಡಿಮೆ ಬಂತು. ರಾತ್ರಿಯೆಲ್ಲ ಅತ್ತೆ, ಸುಮ್ನೆ! 21 ಅನ್ನುವುದು 28 ದಿನದ ಚಕ್ರದ ಲೆಕ್ಕ. ನನ್ನದು 35 ದಿನ. ಮುಂದಿನ ಮುಟ್ಟಿಗೆ ಏಳು ದಿನ ಮೊದಲು, ಅಂದರೆ 28ನೇ ದಿನ ಮಾಡಿಸಬೇಕಿತ್ತು. ಮುಂದಿನ ಸಲ ಹಾಗೇ ಮಾಡಿಸಿದೆ. ಅಂಡ ಬಿಡುಗಡೆಯಾಗುತ್ತಿದೆ ಅಂತ ಗೊತ್ತಾಯಿತು.

ಗರ್ಭನಾಳ ತೆರೆದಿದೆಯಾ ಎಂದು ನೋಡುವ ಎಕ್ಸ್‌ರೇ ಇನ್ನೂ ಬಾಕಿ. ಮುಂದಿನ ಮುಟ್ಟಿನ ರಕ್ತಸ್ರಾವ ನಿಂತ ಮೇಲೆ ಅದು.