ಕ್ರಿಪ್ಟೋ ಟ್ರೇಡ್ ಶೀಟಲ್ಲಿ ಎಂತೆಲ್ಲ ಬರೀತೀರಿ?

ಉಪ್ಪಳದಿಂದ ಪ್ರಶ್ನೆ: ಪ್ರತಿ ಪೊಸಿಷನಿಗೂ ಕಾರಣ, ರಿಸ್ಕ್, ರಿಸಲ್ಟ್, ಆಗಿನ ಮನಸ್ಥಿತಿ ಬರೆದಿಡ್ಲಿಕ್ಕೆ ಒಂದು ಶೀಟ್ ಮಾಡ್ಬೇಕು ಅಂತ ಉಂಟು. ಬರೀತಾ ಇರುವವ್ರು ನಿಮ್ಮ ಫಾರ್ಮ್ಯಾಟ್ ಹೇಳಿ ಮಾರಾಯ್ರೆ.

ಬದಿಯಡ್ಕ: ಕಾರಣ, ರಿಸ್ಕ್, ಮನಸ್ಥಿತಿ ಈ ಮೂರನ್ನು ಬೈ ಒತ್ತುವ ಮೊದ್ಲೇ ಬರೀರಿ, ಆಮೇಲೆ ಬರೆದ್ರೆ ಲಾಭ ಬಂದದ್ದಕ್ಕೆಲ್ಲ ಚಂದದ ಕಾರಣ ಹುಟ್ಟಿಕೊಳ್ತದೆ. ಕಾರಣ ಅಂತ ಬರೀ "ಮೇಲೆ ಹೋಗ್ತದೆ" ಅಂದ್ರೆ ಆಗ್ಲಿಕ್ಕಿಲ್ಲ, ಎಂತ ಆದ್ರೆ ಆ ಕಾರಣ ಬಿದ್ದುಹೋಗ್ತದೆ ಅಂತ ಇನ್ನೊಂದು ಸಾಲು ಬೇಕು, ರೇಟು ಅಷ್ಟಕ್ಕೆ ಇಳಿದ್ರೆ ಮಾರಿಬಿಡುವ ಸ್ಟಾಪ್ ಇಡುದು ಅಲ್ಲಿಗೇ.

ರಿಸ್ಕ್ ಅಂದ್ರೆ ಹಾಕಿದ ದುಡ್ಡಲ್ಲ. ನಮ್ಮ ಭಾವನ ಒಂದು ಎಂಟ್ರಿ ಹೇಳ್ತೇನೆ. ಅಕೌಂಟಲ್ಲಿ 50,000, ಒಂದು ಟ್ರೇಡಲ್ಲಿ ಹೋದ್ರೆ ಹೋಗ್ಲಿ ಅಂತ ಇಟ್ಟದ್ದು 1%, ಅಂದ್ರೆ 500. ಈಥರ್ ಹಿಂದಿನ ವಾರದ ಹೈ ದಾಟಿತ್ತು, ಸ್ಟಾಪ್ 5% ಕೆಳಗೆ, ಹಾಗಾಗಿ 10,000ಕ್ಕೆ ತಗೊಂಡ, ಸ್ಟಾಪ್ ಬಡಿದ್ರೆ ಸರಿಯಾಗಿ 500 ಹೋಗುವ ಹಾಗೆ. ಮನಸ್ಥಿತಿಯ ಜಾಗದಲ್ಲಿ "ನಿನ್ನೆ ತಪ್ಪಿಹೋಯ್ತು, ಇವತ್ತು ಬಿಡ್ಲಿಕ್ಕಿಲ್ಲ". ರಾತ್ರಿ ರೇಟು ಸ್ಟಾಪಿನ ಹತ್ರ ಬಂದದ್ದೇ ಸ್ಟಾಪನ್ನೇ ಕೆಳಗೆ ಎಳೆದ, ಕೊನೆಗೆ 9% ಕೆಳಗೆ ಮಾರಿದ, ಹೋದದ್ದು 900. ಇದನ್ನು ಬರೀ 900 ಲಾಸ್ ಅಂತ ಬರೆದ್ರೆ ಮಾರ್ಕೆಟಿನ ತಪ್ಪಿನ ಹಾಗೆ ಕಾಣ್ತದೆ. 500 ಅಂದ್ರೆ ಒಂದು ಆರ್ ಅಂತ ಇಟ್ಟುಕೊಂಡು -1.8 ಆರ್ ಅಂತ ಬರೀರಿ, ಪಕ್ಕದಲ್ಲಿ "ಸ್ಟಾಪ್ ಎಳೆದದ್ದು: ಹೌದು". ಆ 0.8 ಎಲ್ಲಿಂದ ಬಂತು ಅಂತ ಆಗ ಗೊತ್ತಾಗ್ತದೆ.

ಕುಂಬಳೆ: ಇದು ಟ್ಯಾಕ್ಸಿಗಲ್ವಾ? ಒಂದು ಕಾಯಿನಿನ ಲಾಸನ್ನು ಇನ್ನೊಂದರ ಲಾಭದಲ್ಲಿ ಕಳೀಬಹುದಲ್ಲ, ಒಟ್ಟು ನೆಟ್ ಬರೆದ್ರೆ ಸಾಕು. ಮನಸ್ಥಿತಿ ಎಲ್ಲ ಎಂತಕ್ಕೆ ಆಡಿಟರಿಗೆ?

ಪೆರ್ಲ: ಅವ್ರು ಕೇಳಿದ್ದು ಅದಲ್ಲ ಅಣ್ಣಾ. ಮತ್ತೆ ಕಳೀಲಿಕ್ಕೂ ಆಗುದಿಲ್ಲ, 2022ರ ಏಪ್ರಿಲಿಂದ ಲಾಭಕ್ಕೆ 30% ಕಟ್ಟುದು, ಲಾಸನ್ನು ಬೇರೆ ಕಾಯಿನಿನ ಲಾಭಕ್ಕೂ ಹೊಂದಿಸ್ಲಿಕ್ಕಿಲ್ಲ, ಮುಂದಿನ ವರ್ಷಕ್ಕೂ ದೂಡ್ಲಿಕ್ಕಿಲ್ಲ. ಆದ್ರೆ ಇಲ್ಲಿ ಒಂದು ವಿಷಯ ಉಂಟು, ಭಾವ 9,100ಕ್ಕೆ ಮಾರಿದಾಗ 1% ಟಿಡಿಎಸ್ ಅಂತ 91 ಹಿಡಿದಿರ್ತಾರೆ, ಅದು ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರ್ತದೆ, ಅದನ್ನು ಲಾಸಿಗೆ ಸೇರಿಸಿದ್ರೆ ಆರ್ ಲೆಕ್ಕ ಎಡವಟ್ಟಾಗ್ತದೆ. ಎಕ್ಸ್‌ಚೇಂಜಿನ ಫೀಸ್ ಮಾತ್ರ ಸೇರಿಸಿ, ಅದು ಹೋದದ್ದು ಹೋದದ್ದೇ.

ಮಂಜೇಶ್ವರ: ಮನಸ್ಥಿತಿಗೆ ಉದ್ದ ಬರೀಬೇಡಿ, ಆಮೇಲೆ ಫಿಲ್ಟರ್ ಹಾಕ್ಲಿಕ್ಕೆ ಬರುದಿಲ್ಲ. ನಂದು ಐದೇ ಪದ: ಶಾಂತ, ಹೆದರಿಕೆ, ಆಸೆ, ಹಠ, ಬೋರು. ತಿಂಗಳ ಕೊನೆಗೆ "ಹಠ" ಅಂತ ಇದ್ದದ್ದನ್ನೆಲ್ಲ ತೆಗೆದು ಆರ್ ಕೂಡಿಸ್ತೇನೆ. ನಾಲ್ಕೈದು ಎಂಟ್ರಿ ನೋಡಿ ತೀರ್ಮಾನ ಮಾಡ್ಬೇಡಿ ಮಾತ್ರ.

ಬದಿಯಡ್ಕ: ಹಾಗಾದ್ರೆ ಭಾವನ "ನಿನ್ನೆ ತಪ್ಪಿಹೋಯ್ತು" ಎಂತದು ಅಕ್ಕಾ, ಆಸೆಯಾ ಹಠವಾ? ಆ ಸಾಲು ಇದ್ದದ್ದಕ್ಕೇ ಅವನಿಗೆ ಅವನ ರೋಗ ಗೊತ್ತಾದದ್ದು.

ಮಂಜೇಶ್ವರ: ಎರಡೂ ಹಾಕ್ಲಿ. ನಾನು ಹಠಕ್ಕೇ ಸೇರಿಸ್ತಿದ್ದೆ.

ಉಪ್ಪಳ: ಒಂದು ಪದ, ಒಂದು ಸಾಲು, ಎರಡು ಕಾಲಮ್ ಮಾಡಿ ನೋಡ್ತೇನೆ. ಸ್ಟಾಪನ್ನು ಮೇಲೆ ತಂದ್ರೂ "ಎಳೆದದ್ದು" ಅಂತ ಬರೀಬೇಕಾ?