ಅಪ್‌ಡೇಟ್: ಕೆಲಸ ಬಿಡುವ ಮೊದಲು ಉಳಿತಾಯವನ್ನು ಗೃಹಸಾಲಕ್ಕೆ ಕಟ್ಟಬೇಕೇ?

ನನ್ನ ಪ್ರಶ್ನೆ: "ಶಿರಸಿಯಲ್ಲಿ ಕಟ್ಟಿಸಿದ ಮನೆಯ ಸಾಲವಿದೆ, ಕೆಲಸದ ಒತ್ತಡ ತಾಳಲಾಗುತ್ತಿಲ್ಲ. ಉಳಿಸಿದ 4 ಲಕ್ಷವನ್ನು ಸಾಲಕ್ಕೆ ಕಟ್ಟಿ ರಾಜೀನಾಮೆ ಕೊಡಬಹುದೇ?"

ಉತ್ತರಿಸಿದವರಿಗೆ ಕೃತಜ್ಞತೆಗಳು, ಹಣವನ್ನು ಸಾಲಕ್ಕೆ ಕಟ್ಟದಿರಲು ನಿರ್ಧರಿಸಿದ್ದೇನೆ. ಬಾಕಿ 24 ಲಕ್ಷ, ಬಡ್ಡಿ ಶೇ. 8.5, ಉಳಿದ ಅವಧಿ 15 ವರ್ಷವಾದ್ದರಿಂದ ತಿಂಗಳ ಕಂತು ಸುಮಾರು 23,600 ರೂಪಾಯಿ. ಭಾಗಶಃ ಮರುಪಾವತಿ ಮಾಡಿದರೆ ಬ್ಯಾಂಕು ಸಾಮಾನ್ಯವಾಗಿ ಅವಧಿಯನ್ನಷ್ಟೇ ಇಳಿಸುತ್ತದೆ. ಲಿಖಿತವಾಗಿ ಕೇಳಿ ಕಂತನ್ನೇ ಇಳಿಸಿಕೊಂಡರೂ ನನಗೆ ಉಳಿಯುವುದು ತಿಂಗಳಿಗೆ 3,900 ರೂಪಾಯಿ ಮಾತ್ರ. ಅದೇ ಹಣ ಠೇವಣಿಯಲ್ಲಿದ್ದರೆ ಸಂಬಳವಿಲ್ಲದೆಯೂ 16 ಕಂತುಗಳನ್ನು ತಪ್ಪದೆ ಕಟ್ಟಬಹುದು.

ನನಗೆ ಇದಕ್ಕಿಂತ ಹೆಚ್ಚು ಆತಂಕವಿದ್ದುದು ವಿಮೆಯ ಬಗ್ಗೆ. ಕಂಪನಿಯ ಗುಂಪು ಆರೋಗ್ಯ ವಿಮೆ ಕೆಲಸದೊಂದಿಗೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇರುವುದರಿಂದ, ಸಕ್ಕರೆ ಕಾಯಿಲೆಯಿರುವ ಆಯಿಗೆ ಈಗಲೇ ಪ್ರತ್ಯೇಕ ಪಾಲಿಸಿ ಮಾಡಿಸಿದ್ದೇನೆ.